ನಿಮಗಿದು ಗೊತ್ತೆ? ಗೋಡೆಯ ಮೊಳೆ ಮೀಮ್‌ಗೆ ಬಂದ ಕಥೆ

ತಮಿಳು ಮೀಮ್‌ಗಳಲ್ಲಿ ‘ತೇವೈಯಿಲ್ಲಾದ ಆಣಿ’ ಎಂಬ ಮಾತು ಪದೇಪದೇ ಕಾಣುತ್ತದೆ. ಬೇಡದ ಮೊಳೆ ಎಂದರ್ಥ. ಇದರ ಮೂಲ 2001ರ ‘ಫ್ರೆಂಡ್ಸ್’ ಚಿತ್ರ. ಅದರಲ್ಲಿ ವಡಿವೇಲು ಅವರದು ಪೇಂಟಿಂಗ್ ಕಾಂಟ್ರಾಕ್ಟರ್ ನೇಸಮಣಿಯ ಪಾತ್ರ. ಬಣ್ಣ ಬಳಿಯುವ ಮೊದಲು ಬೇಡದ ಮೊಳೆಗಳನ್ನು ಕೀಳಬೇಕು. ಯಾವುದನ್ನು ಕೀಳಲಿ ಎಂದು ಕೆಲಸದವನು ಕೇಳಿ ಕೇಳಿ ತಲೆ ತಿಂದಾಗ, ನೇಸಮಣಿ ರೇಗಿ ನೀನು ಮೊಳೆಯನ್ನೇ ಕೀಳಬೇಡ ಅನ್ನುತ್ತಾನೆ.

ಅಲ್ಲಿ ಮೊಳೆ ನಿಜವಾದ ಮೊಳೆಯೇ. ಮೀಮ್‌ನಲ್ಲಿ ಗೋಡೆಯೂ ಇಲ್ಲ, ಮೊಳೆಯೂ ಇಲ್ಲ. ಯಾರೂ ಕೇಳದ ಹೊಸ ನಿಯಮದ ಸುದ್ದಿಯ ಕೆಳಗೆ ಹಾಕಿದರೆ ಅದು ‘ಇದು ಯಾರಿಗೆ ಬೇಕಿತ್ತು?’ ಎಂಬ ಪ್ರಶ್ನೆ. ಸಹಾಯಕ್ಕೆ ಬಂದು ಕೆಲಸ ಕೆಡಿಸಿದ ಗೆಳೆಯನಿಗೆ ಕಳಿಸಿದರೆ, ‘ನಿನ್ನ ಉಪಕಾರವೇ ಬೇಡ ಮಾರಾಯ’ ಎಂಬ ಸಲಿಗೆಯ ಗದರಿಕೆ.

ಈ ಜಿಗಿತ ಸಲೀಸಾದದ್ದು ನೇಸಮಣಿಯ ಮಾತಿನಲ್ಲಿರುವ ‘ಪುಡುಂಗು’ ಎಂಬ ಕ್ರಿಯಾಪದದಿಂದ. ಕೀಳುವುದು ಎಂಬ ಅರ್ಥದ ಜೊತೆಗೆ, ದಂಡದ ಕೆಲಸವನ್ನು ಹೀಯಾಳಿಸುವ ಧಾಟಿಯೂ ಅದಕ್ಕಿದೆ. ನಮ್ಮ ‘ಏನ್ ಕಿತ್ತು ಗುಡ್ಡೆ ಹಾಕ್ದೆ?’ ನೆನಪಿಸಿಕೊಳ್ಳಿ. ಹಾಗಾಗಿ ಕನ್ನಡಿಗರಿಗೆ ಈ ಮೀಮ್ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷ್‌ಗೆ ಪದಶಃ ಇಳಿಸಿದರೆ ಮಾತ್ರ ಉಳಿಯುವುದು ಬರೀ ಮೊಳೆ.