94 ಬಂದರೆ ಕಾಯಿಲೆಯೇ?

ಏಳನೇ ತಿಂಗಳಿಗೆ ಕಾಲಿಡುತ್ತಿರುವ ಬಸುರಿಯೊಬ್ಬರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಬೆರೆಸಿದ ನೀರು ಕುಡಿದರು ಎನ್ನೋಣ. ವರದಿಯಲ್ಲಿ ಖಾಲಿ ಹೊಟ್ಟೆಯದು 94, ಒಂದು ಗಂಟೆಯದು 150, ಎರಡು ಗಂಟೆಯದು 128. ಒಂದೇ ಹಂತದ ಪರೀಕ್ಷೆಯ ಗೆರೆಗಳು 92, 180 ಮತ್ತು 153. ಮೂರರಲ್ಲಿ ಒಂದನ್ನು ಮುಟ್ಟಿದರೂ ಸಾಕು. ಹಾಗಾಗಿ ಆಕೆಗೆ ಗರ್ಭಾವಸ್ಥೆಯ ಮಧುಮೇಹ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಎರಡು ಹಂತದ ವಿಧಾನದಲ್ಲಿ ಮೊದಲು ಊಟದ ಗೊಡವೆಯಿಲ್ಲದೆ 50 ಗ್ರಾಂ ಕುಡಿಸಿ ಒಂದು ಗಂಟೆಗೆ ನೋಡುತ್ತಾರೆ. 130ರಿಂದ 140ರ ನಡುವೆ ಆಸ್ಪತ್ರೆ ಇಟ್ಟುಕೊಂಡ ಗೆರೆ ದಾಟಿದವರಿಗಷ್ಟೇ ಇನ್ನೊಂದು ದಿನ 100 ಗ್ರಾಂ ಪರೀಕ್ಷೆ. ಅಲ್ಲಿ ಖಾಲಿ ಹೊಟ್ಟೆಯ ಗೆರೆ 95, ನಾಲ್ಕು ಅಂಕಿಗಳಲ್ಲಿ ಎರಡಾದರೂ ಮೀರಬೇಕು. ಆ ಲೆಕ್ಕದಲ್ಲಿ 94 ಗೆರೆಯೊಳಗೇ ಉಳಿಯುತ್ತದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಿಪ್ಸಿ ಪರೀಕ್ಷೆ ಎರಡು ಗಂಟೆಯ ನಂತರದ ಅಂಕಿಯನ್ನು ಮಾತ್ರ ನೋಡುತ್ತದೆ; 140 ಮುಟ್ಟದಿದ್ದರೆ ಸಮಸ್ಯೆ ಇಲ್ಲ ಎಂದೇ ಅರ್ಥ. ದೇಹ ಒಂದೇ, ತೀರ್ಪು ಮಾತ್ರ ಬೇರೆ ಬೇರೆ.

ಈ ಗೆರೆಗಳನ್ನು ಪ್ರಕೃತಿ ಎಳೆದಿಲ್ಲ ಎಂಬುದೇ ನನ್ನ ವಾದದ ಬುಡ. 1964ರಲ್ಲಿ ಬಾಸ್ಟನ್ನಿನ ಓ'ಸಲ್ಲಿವನ್ ಮತ್ತು ಮಾಹನ್ ಮೊದಲ ಅಳತೆಗೋಲು ರೂಪಿಸಿದಾಗ ಕೇಳಿದ್ದು, ಈ ತಾಯಿಗೆ ಮುಂದೆ ಸಕ್ಕರೆ ಕಾಯಿಲೆ ಬಂದೀತೇ ಎಂದು. ಮಗುವಿನ ಪ್ರಶ್ನೆಯನ್ನು ದೊಡ್ಡದಾಗಿ ಕೈಗೆತ್ತಿಕೊಂಡದ್ದು 2008ರಲ್ಲಿ ಪ್ರಕಟವಾದ ಹ್ಯಾಪೋ ಅಧ್ಯಯನ. ಒಂಬತ್ತು ದೇಶಗಳ ಇಪ್ಪತ್ಮೂರು ಸಾವಿರಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ಅದು ಕಂಡದ್ದು ಮೆಟ್ಟಿಲನ್ನಲ್ಲ, ಇಳಿಜಾರನ್ನು. ತಾಯಿಯ ಗ್ಲೂಕೋಸ್ ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ಸೇರುತ್ತದೆ, ಆಕೆಯ ಇನ್ಸುಲಿನ್ ಸೇರುವುದಿಲ್ಲ. ಮಗು ತಾನೇ ಇನ್ಸುಲಿನ್ ಸುರಿಸಿ ಮೈ ತುಂಬಿಕೊಳ್ಳುತ್ತದೆ. ಸಕ್ಕರೆ ಏರಿದಷ್ಟೂ ದಪ್ಪ ಮಗುವಿನ ಸಾಧ್ಯತೆ ಏರುತ್ತಲೇ ಹೋಯಿತು. ಇಲ್ಲಿಂದ ಅಪಾಯ ಎನ್ನುವ ಬಿಂದು ಸಿಗಲಿಲ್ಲ. ಆಗ ತಜ್ಞರ ಸಮಿತಿಯೊಂದು ಕೂತು, ಸರಾಸರಿ ತಾಯಿಗೆ ಹೋಲಿಸಿದರೆ ಇಂಥ ತೊಂದರೆಯ ಸಂಭವ 1.75 ಪಟ್ಟು ಆಗುವ ಜಾಗವನ್ನು ಆರಿಸಿ 2010ರಲ್ಲಿ 92 ಎಂದಿತು. ಬೇರೆ ಪಟ್ಟು ಆರಿಸಿದ್ದರೆ ಬೇರೆ ಅಂಕಿ ಬರುತ್ತಿತ್ತು.

ಹಾಗಿದ್ದರೆ ಗೆರೆ ಕೆಳಗಿಳಿಸಿದ್ದರಿಂದ ಫಲವೇನು? ಅಮೆರಿಕದಲ್ಲಿ 23,792 ಗರ್ಭಿಣಿಯರನ್ನು ಎರಡೂ ವಿಧಾನಗಳಿಗೆ ಹಂಚಿ ನೋಡಿದ 2021ರ ಪ್ರಯೋಗದಲ್ಲಿ, ಒಂದು ಹಂತದ ಗುಂಪಿನಲ್ಲಿ ಶೇ 16.5, ಎರಡು ಹಂತದ ಗುಂಪಿನಲ್ಲಿ ಶೇ 8.5 ಮಂದಿಗೆ ಮಧುಮೇಹವೆಂಬ ಹೆಸರು ಬಿತ್ತು. ಅಷ್ಟಾದರೂ ದಪ್ಪ ಮಕ್ಕಳ ಪ್ರಮಾಣ ಎರಡರಲ್ಲೂ ಶೇ 9ರ ಆಸುಪಾಸಿನಲ್ಲೇ ಇತ್ತು. ಮರುವರ್ಷ ನ್ಯೂಜಿಲೆಂಡಿನ ಪ್ರಯೋಗ ಎರಡೂ ಗುಂಪಿಗೆ 75 ಗ್ರಾಂ ಪರೀಕ್ಷೆಯನ್ನೇ ಕೊಟ್ಟು ಗೆರೆಯನ್ನಷ್ಟೇ ಬದಲಿಸಿತು. ಅಲ್ಲಿಯೂ ಒಟ್ಟು ಫಲಿತಾಂಶ ಹೀಗೇ ಬಂತು. ಕೆಳಗಿನ ಗೆರೆಯ ಗುಂಪಿನಲ್ಲಿ ಔಷಧಿಯೂ ಹೆರಿಗೆ ನೋವು ಬರಿಸುವುದೂ ಹೆಚ್ಚಾಗಿತ್ತು. ಗೆರೆ ಇಳಿಸಿದರೆ ಎಲ್ಲರಿಗೂ ಒಳಿತು ಎನ್ನುವವರು ಈ ಎರಡಕ್ಕೂ ಉತ್ತರ ಕೊಡಬೇಕಾಗುತ್ತದೆ.

ಅವರ ಬಳಿ ಒಂದು ಗಟ್ಟಿ ಉತ್ತರವಿದೆ, ಅದನ್ನು ನಾನು ತಳ್ಳಿಹಾಕಲಾರೆ. ನ್ಯೂಜಿಲೆಂಡಿನಲ್ಲಿ ಎರಡು ಗೆರೆಗಳ ನಡುವೆ ಬಿದ್ದವರನ್ನಷ್ಟೇ ಬೇರೆಯಾಗಿ ನೋಡಿದಾಗ, ಚಿಕಿತ್ಸೆ ಸಿಕ್ಕವರಲ್ಲಿ ದಪ್ಪ ಮಗು ಹುಟ್ಟಿದ್ದು ಶೇ 6.2, ಸಿಗದವರಲ್ಲಿ ಶೇ 18. ಇಂಥವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಅವರಿಗಾದ ಲಾಭ ಇಡೀ ಗುಂಪಿನ ಸರಾಸರಿಯಲ್ಲಿ ಕರಗಿಹೋಗುತ್ತದೆ. ಗುಂಪು ಚಿಕ್ಕದು, ಅಂಕಿ ಅತ್ತಿತ್ತ ಆದೀತು, ನಿಜ. ಆದರೂ 94ರ ಆ ಗರ್ಭಿಣಿಗೆ ಏನೂ ಇಲ್ಲ, ಹೋಗಿ ಬನ್ನಿ ಎನ್ನುವುದು ತಪ್ಪೆಂದು ಹೇಳಲು ಇಷ್ಟು ಸಾಕು. ರೋಗಿಯೆಂಬ ಹಣೆಪಟ್ಟಿಯೂ ಅವಸರದ ಹೆರಿಗೆಯೂ ಬೇಡ. ಎರಡು ವಾರ ಅನ್ನ, ಮುದ್ದೆಯ ಅಳತೆ ತಗ್ಗಿಸಿ, ಊಟವಾಗಿ ಎರಡು ಗಂಟೆಗೆ ಸಕ್ಕರೆ 120ರ ಕೆಳಗಿದೆಯೇ ಎಂದು ನೋಡಿದರೆ ಆಕೆ ಎಲ್ಲಿ ನಿಂತಿದ್ದಾರೆಂದು ತಿಳಿಯುತ್ತದೆ.

ಅದಕ್ಕೂ ಮೊದಲು ಆ 94 ನಿಜವೇ ಎಂದು ಕೇಳಬೇಕು. ಟ್ಯೂಬಿನಲ್ಲಿಟ್ಟ ರಕ್ತದ ಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಬೇರ್ಪಡಿಸದೆ ಹೊರಗಿಟ್ಟರೆ ಗಂಟೆಗೆ ಸುಮಾರು ಶೇ 5ರಿಂದ 7 ಇಳಿಯುತ್ತದೆ. ಅಂದರೆ ಲ್ಯಾಬಿಗೆ ತಲುಪಲು ಒಂದು ಗಂಟೆ ತಡವಾದರೆ 94 ಎಂಬುದು 87ರಿಂದ 89ರ ಆಸುಪಾಸಿಗೆ ಇಳಿದು, ಗೆರೆಯ ಆಚೆಯವರು ಈಚೆ ಬಂದುಬಿಡುತ್ತಾರೆ. ಎರಡು ಅಂಕಿಗಳ ವ್ಯತ್ಯಾಸದ ಮೇಲೆ ತೀರ್ಪು ಕೊಡುವವರು ಇದನ್ನು ಮರೆಯುವಂತಿಲ್ಲ.

ಡಿಪ್ಸಿಯ ಮೇಲಿನ ಆಕ್ಷೇಪವೂ ಇಲ್ಲೇ ಸೇರುತ್ತದೆ. ಉಪವಾಸ ಬೇಡ, ಇನ್ನೊಂದು ದಿನ ಬರಬೇಕಿಲ್ಲ. ಹೊಲದ ಕೆಲಸ ಬಿಟ್ಟು, ಬಸ್ಸು ಹಿಡಿದು ಬರುವವರಿಗೆ ಅದೇ ದೊಡ್ಡ ಅನುಕೂಲ, ಆ ಕಾರಣಕ್ಕೆ ಅದನ್ನು ಕೈಬಿಡಬಾರದೆಂದೇ ನನ್ನ ನಿಲುವು. ಆದರೆ ಖಾಲಿ ಹೊಟ್ಟೆಯ ಸಕ್ಕರೆಯಷ್ಟೇ ಏರಿದವರು ಅದರ ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ಮಗು ನಾಲ್ಕು ಕಿಲೋ ಇದ್ದವರು, ತಾಯಿ ತಂದೆಗೆ ಸಕ್ಕರೆ ಕಾಯಿಲೆ ಇದ್ದವರು ಡಿಪ್ಸಿಯಲ್ಲಿ 128 ಬಂತೆಂದು ಸುಮ್ಮನಾಗದೆ, ಮುಂದಿನ ತಪಾಸಣೆಗೆ ತಿಂಡಿ ತಿನ್ನದೆ ಹೋಗಿ ಒಮ್ಮೆ ರಕ್ತ ಕೊಟ್ಟು, ವರದಿಯಲ್ಲಿ ನಾರ್ಮಲ್ ಎಂಬ ಪದದ ಬದಲು ಅಂಕಿಯನ್ನೇ ಬರೆಸಿಕೊಳ್ಳಬೇಕು.