ಯಾವುದು ಸಮಾನ, ಕೊಂಡ ಬೆಲೆಯೋ ಮಾರಿದ ಬೆಲೆಯೋ? ಒಂದು ಶಾರ್ಟ್‌ಕಟ್‌ನ ಪರೀಕ್ಷೆ

ನಾನಿವತ್ತು ಒಂದೇ ಒಂದು ಸೂತ್ರದ ಬಗ್ಗೆ ಮಾತಾಡ್ತೇನೆ. ಕಾಸರಗೋಡಿನ ಕನ್ನಡ ಮಕ್ಕಳು ಕೇರಳ ಪಿಎಸ್‌ಸಿ ಪರೀಕ್ಷೆಯನ್ನು ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ಬರೆಯಬಹುದು. ಆದರೆ ತರಬೇತಿ ಹೆಚ್ಚಾಗಿ ಮಲಯಾಳದಲ್ಲಿ ಸಿಗುತ್ತದೆ. ಹಾಗಾಗಿ ಸೂತ್ರವನ್ನು ಒಂದು ಭಾಷೆಯಲ್ಲಿ ಬಾಯಿಪಾಠ ಮಾಡಿ, ಪ್ರಶ್ನೆಯನ್ನು ಇನ್ನೊಂದು ಭಾಷೆಯಲ್ಲಿ ಓದುವವರು ನಮ್ಮಲ್ಲಿ ಬಹಳ. ತಪ್ಪು ಉತ್ತರಕ್ಕೆ ಮೂರನೇ ಒಂದಂಶ ಅಂಕ ಕಡಿತವೂ ಇದೆ. ಈ ಹಿನ್ನೆಲೆಯಲ್ಲಿಯೇ ನಾನು ಹಳೆಯ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದನ್ನೂ ಶಾರ್ಟ್‌ಕಟ್‌ನಿಂದ ಒಮ್ಮೆ, ಉದ್ದ ದಾರಿಯಿಂದ ಒಮ್ಮೆ ಬಿಡಿಸಿ ನೋಡಿದೆ.

ಸೂತ್ರ ನಿಮಗೆಲ್ಲ ಗೊತ್ತಿರುವಂಥದ್ದೇ. ಎರಡು ವಸ್ತುಗಳನ್ನು ಮಾರಿ, ಒಂದರಲ್ಲಿ ಶೇ. x ಲಾಭ, ಇನ್ನೊಂದರಲ್ಲಿ ಶೇ. x ನಷ್ಟ ಆದರೆ, ಒಟ್ಟಿನಲ್ಲಿ ಶೇ. x²/100 ನಷ್ಟ. ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: “ಒಬ್ಬನು ಎರಡು ವಾಚುಗಳನ್ನು ತಲಾ 990 ರೂಪಾಯಿಗೆ ಮಾರಿದನು. ಒಂದರಲ್ಲಿ ಶೇ. 10 ಲಾಭ, ಇನ್ನೊಂದರಲ್ಲಿ ಶೇ. 10 ನಷ್ಟ.” ಉದ್ದ ದಾರಿಯಲ್ಲಿ ಹೋದರೆ, ಮೊದಲನೆಯದನ್ನು ಕೊಂಡದ್ದು 900ಕ್ಕೆ, ಎರಡನೆಯದನ್ನು 1,100ಕ್ಕೆ. ಹಾಕಿದ ಹಣ 2,000, ಬಂದದ್ದು 1,980. ನಷ್ಟ 20 ರೂಪಾಯಿ, ಅಂದ್ರೆ ಶೇ. 1. ಸೂತ್ರವೂ ಅದನ್ನೇ ಹೇಳ್ತದೆ.

ಈಗ ಪ್ರಶ್ನೆಯನ್ನು ಸ್ವಲ್ಪ ಬದಲಿಸೋಣ. “ತಲಾ 990 ರೂಪಾಯಿ ಬೆಲೆಗೆ ಕೊಂಡ ಎರಡು ವಾಚುಗಳನ್ನು, ಒಂದನ್ನು ಶೇ. 10 ಲಾಭಕ್ಕೂ ಇನ್ನೊಂದನ್ನು ಶೇ. 10 ನಷ್ಟಕ್ಕೂ ಮಾರಿದರೆ?” ಒಂದರಲ್ಲಿ 99 ರೂಪಾಯಿ ಬಂತು, ಇನ್ನೊಂದರಲ್ಲಿ ಅಷ್ಟೇ ಹೋಯ್ತು. ಲಾಭವೂ ಇಲ್ಲ, ನಷ್ಟವೂ ಇಲ್ಲ. ಇಲ್ಲಿ ಗಮನಿಸಬೇಕಾದದ್ದು ವಾಕ್ಯದ ರಚನೆ. ಎರಡೂ ಪ್ರಶ್ನೆಗಳಲ್ಲಿ ‘ಮಾರು’ ಕ್ರಿಯಾಪದ ಇದೆ. ಅವಸರದಲ್ಲಿ ಓದುವವನಿಗೆ 990, 10, ‘ಮಾರಿದ’ ಇಷ್ಟೇ ಕಾಣ್ತದೆ. ಆದರೆ 990 ಯಾವ ಕ್ರಿಯೆಗೆ ಅಂಟಿದೆ ಅನ್ನೋದನ್ನು ‘ಕೊಂಡ’ ಎಂಬ ಆ ಪುಟ್ಟ ಕೃದಂತ ತೀರ್ಮಾನಿಸುತ್ತದೆ. ಉತ್ತರದ ಆಯ್ಕೆಗಳಲ್ಲಿ ‘ಶೇ. 1 ನಷ್ಟ’ವೂ ‘ಲಾಭ-ನಷ್ಟವಿಲ್ಲ’ವೂ ಪಕ್ಕಪಕ್ಕದಲ್ಲೇ ಕೂತಿರುತ್ತವೆ. ಪ್ರಶ್ನೆ ತಯಾರಿಸುವವರಿಗೂ ಈ ಸೂತ್ರ ಗೊತ್ತಿದೆಯಲ್ವಾ!

ಶೇಕಡಾ ಬೇರೆಬೇರೆ ಆದಾಗ ಎಡವಟ್ಟು ಇನ್ನೂ ದೊಡ್ಡದು. ಒಂದೇ ಬೆಲೆಗೆ ಮಾರಿದ ಎರಡು ವಸ್ತುಗಳಲ್ಲಿ ಒಂದಕ್ಕೆ ಶೇ. 20 ಲಾಭ, ಇನ್ನೊಂದಕ್ಕೆ ಶೇ. 10 ನಷ್ಟ ಅಂತಿಟ್ಟುಕೊಳ್ಳಿ. ಅನೇಕರು ಇಲ್ಲಿ a + b + ab/100 ಹಾಕ್ತಾರೆ: 20 − 10 − 2, ಶೇ. 8 ಲಾಭ. ಸರಿಯೇ ಅಂತ ನೋಡಲು, 120 ಮತ್ತು 90ರ ಲ.ಸಾ.ಅ. 360 ಅನ್ನು ಮಾರಿದ ಬೆಲೆಯಾಗಿ ತೆಗೆದುಕೊಳ್ಳೋಣ. ಕೊಂಡ ಬೆಲೆ 300 ಮತ್ತು 400, ಒಟ್ಟು 700. ಮಾರಿದ್ದು 720. ಲಾಭ 700ಕ್ಕೆ 20, ಅಂದರೆ ಶೇ. 3ಕ್ಕೂ ಸ್ವಲ್ಪ ಕಡಿಮೆ. ಶೇ. 8 ಎಲ್ಲಿ, ಇದೆಲ್ಲಿ!

ಹಾಗಾದ್ರೆ ಶೇಕಡಾ ಸಮ ಇದ್ದಾಗ ಅದೇ ಸೂತ್ರ ಸರಿಯಾದ ಉತ್ತರ ಕೊಟ್ಟದ್ದು ಹೇಗೆ? a + b + ab/100 ಇರೋದು ಒಂದೇ ವಸ್ತುವಿನ ಬೆಲೆ ಒಂದರ ಮೇಲೊಂದು ಎರಡು ಸಲ ಬದಲಾದಾಗ. ಅಲ್ಲಿ ಗುಣಕಗಳನ್ನು ಗುಣಿಸಬೇಕು, pq. ಒಂದೇ ಬೆಲೆಗೆ ಮಾರಿದ ಎರಡು ವಸ್ತುಗಳಿಗಾದರೆ ಬೇಕಾದದ್ದು 2pq/(p + q). 1.1 ಮತ್ತು 0.9 ಕೂಡಿದರೆ ಸರಿಯಾಗಿ 2. ಮೇಲಿನ 2 ಕೆಳಗಿನ 2ಕ್ಕೆ ಹೊಡೆದುಹೋಗಿ, pq ಮಾತ್ರ ಉಳಿಯುತ್ತದೆ. ಎರಡು ಸೂತ್ರಗಳು ಅಲ್ಲಿ ಆಕಸ್ಮಿಕವಾಗಿ ಭೇಟಿಯಾಗುತ್ತವೆ, ಅಷ್ಟೆ. 1.2 ಮತ್ತು 0.9 ಕೂಡಿದರೆ 2.1, ಅಲ್ಲಿಗೆ ಆ ನೆಂಟಸ್ತಿಕೆ ಮುಗೀತು.

ಸೂತ್ರ ಸರಿ ಇದ್ದೂ ಉತ್ತರ ತಪ್ಪುವ ಸಂದರ್ಭ ಒಂದಿದೆ. ಮೊದಲ ಪ್ರಶ್ನೆಯಲ್ಲೇ ನಷ್ಟವನ್ನು ರೂಪಾಯಿಯಲ್ಲಿ ಕೇಳಿದರೆ, ಕೈಯಲ್ಲಿರುವ ಸಂಖ್ಯೆ 1,980. ಅದರ ಶೇ. 1 ಅಂದರೆ 19.80. ನಿಜವಾದ ನಷ್ಟ 20, ಯಾಕಂದ್ರೆ ಶೇಕಡಾ ಕೊಂಡ ಬೆಲೆಯ ಮೇಲೆ. 1,980 ಅನ್ನು 99ರಿಂದ ಭಾಗಿಸಬೇಕು.

2pq/(p + q) ಅನ್ನು ನೀವು ಸರಾಸರಿ ವೇಗದ ಲೆಕ್ಕದಲ್ಲೂ ನೋಡಿರ್ತೀರಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ 60ರಲ್ಲಿ ಅದೇ ದಾರಿಯಲ್ಲಿ ಮರಳಿದರೆ ಸರಾಸರಿ 48. ಅರ್ಧ ಸಮಯ 40ರಲ್ಲಿ, ಅರ್ಧ ಸಮಯ 60ರಲ್ಲಿ ಹೋದರೆ 50. ಇಲ್ಲೂ ದೂರ ಸಮಾನವೋ ಸಮಯ ಸಮಾನವೋ ಅನ್ನೋದೇ ಪ್ರಶ್ನೆ. ಅದಕ್ಕೇ ನಾನೀಗ ಅಭ್ಯಾಸ ಮಾಡಿಸುವಾಗ, ಲೆಕ್ಕಕ್ಕೆ ಇಳಿಯುವ ಮೊದಲು ‘ತಲಾ’, ‘ಅದೇ’, ‘ಅರ್ಧ’ ಇಂಥ ಪದಗಳ ಕೆಳಗೆ ಗೆರೆ ಎಳೆದು, ಅದು ಯಾವ ಕ್ರಿಯಾಪದಕ್ಕೆ ಸೇರುತ್ತದೋ ಅಲ್ಲಿಗೊಂದು ಬಾಣ ಹಾಕಲು ಹೇಳ್ತೇನೆ. ಬಾಣ ‘ಕೊಂಡ’ದ ಕಡೆ ಹೋದರೆ ಶೇಕಡಾಗಳ ಸಾದಾ ಸರಾಸರಿ ಸಾಕು. ‘ಮಾರಿದ’ದ ಕಡೆ ಹೋದರೆ, ಶೇಕಡಾಗಳೂ ಸಮ ಇದ್ದರೆ ಮಾತ್ರ x²/100, ಇಲ್ಲವಾದರೆ ಲ.ಸಾ.ಅ.