ಕುದಿಸಿದರೂ ಹೋಗದ ಅಣಬೆಯ ವಿಷ



ಮುಂಗಾರಿನ ಮಳೆ ಬಿದ್ದು ನಾಲ್ಕು ದಿನ ಕಳೆದರೆ ಸಾಕು, ಹುತ್ತದ ಬದಿಯಲ್ಲಿ, ತೋಟದ ಅಂಚಿನಲ್ಲಿ, ಮರದ ಬುಡದಲ್ಲಿ ಅಣಬೆಗಳು ಏಳುತ್ತವೆ. ಹಸಿರು ಹುಲ್ಲು ಕೊಯ್ಯಲು ಹೋದವರು ಹೊರೆಯ ಜೊತೆಗೆ ಸೆರಗಿನಲ್ಲಿ ಒಂದಿಷ್ಟು ಅಣಬೆಯನ್ನೂ ಕಟ್ಟಿಕೊಂಡು ಬರುವುದು ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ. ತಂದ ಅಣಬೆಯ ಬಗ್ಗೆ ಯಾರಿಗಾದರೂ ಸಂಶಯ ಬಂದರೆ ಮನೆಯಲ್ಲಿ ಕೇಳಿಬರುವ ಮಾತು ಒಂದೇ: "ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ."

ಈ ಮಾತು ಕೆಲವು ಅಣಬೆಗಳ ಮಟ್ಟಿಗೆ ನಿಜ. ಹಿಮಾಲಯದ ಕಡೆ ಸಿಗುವ ಬೆಲೆಬಾಳುವ ಗುಚ್ಚಿ ಅಣಬೆಯನ್ನು ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ. ಸರಿಯಾಗಿ ಬೇಯಿಸಿದರೆ ಅದು ಒಳ್ಳೆಯ ಆಹಾರ. ಆದರೆ ಮನುಷ್ಯನನ್ನು ಕೊಲ್ಲುವ ಅಣಬೆಗಳ ಮಟ್ಟಿಗೆ ಈ ಮಾತು ಪೂರ್ತಿ ಸುಳ್ಳು. ಅದು ಏಕೆ ಎಂಬುದನ್ನು ತಾವು ತಿಳಿದಿರಬೇಕು.

ಕೊಲ್ಲುವ ಅಣಬೆ ಯಾವುದು?

ಜಗತ್ತಿನಲ್ಲಿ ಅಣಬೆ ತಿಂದು ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಒಂದೇ ಬಗೆಯ ವಿಷದಿಂದ. ಅದರ ಹೆಸರು ಅಮಾನಿಟಿನ್. ಅಮಾನಿಟಾ ಎಂಬ ಜಾತಿಯ ಹಲವು ಅಣಬೆಗಳಲ್ಲಿ ಇದು ಇರುತ್ತದೆ. ಇವುಗಳಲ್ಲಿ ಕುಖ್ಯಾತವಾದದ್ದು 'ಡೆತ್ ಕ್ಯಾಪ್', ಎಂದರೆ ಸಾವಿನ ಟೋಪಿ ಎಂದು ಹೆಸರಾದ ಅಣಬೆ. ಬೇರೆ ಜಾತಿಯ ಕೆಲವು ಸಣ್ಣ ಅಣಬೆಗಳಲ್ಲಿಯೂ ಇದೇ ವಿಷವಿದೆ.

ಇದು ಪರದೇಶದ ಸಮಾಚಾರ ಎಂದು ತಾವು ಭಾವಿಸಬಾರದು. 2022ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಂ ರಾಜ್ಯದ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡಣಬೆ ತಿಂದು 13 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕಡೆಯ ಬಡ ಕುಟುಂಬದವರು.

ವಿಷದ ಅಣಬೆ ಬಣ್ಣಬಣ್ಣವಾಗಿರುತ್ತದೆ, ಕಹಿಯಾಗಿರುತ್ತದೆ ಎಂಬ ನಂಬಿಕೆ ಇದೆ. ಇವು ಹಾಗಿರುವುದಿಲ್ಲ. ಕೆಲವು ಹಾಲಿನಂತೆ ಬಿಳಿ, ಕೆಲವು ತಿಳಿ ಹಸಿರು ಮಿಶ್ರಿತ ಹಳದಿ. ತಿಂದು ಬದುಕಿ ಉಳಿದವರು ರುಚಿ ಚೆನ್ನಾಗಿತ್ತು ಎಂದೇ ಹೇಳಿದ್ದಾರೆ. ಕೊಡೆಯ ಅಡಿಯ ಪದರಗಳು ಬಿಳಿ, ಕಾಂಡದ ಮೇಲೆ ಒಂದು ಉಂಗುರ, ಬುಡದಲ್ಲಿ ಒಡೆದ ಮೊಟ್ಟೆಯ ಚಿಪ್ಪಿನಂತಹ ಬಟ್ಟಲು ಇರುವುದು ಈ ಅಣಬೆಗಳ ಸಾಮಾನ್ಯ ಲಕ್ಷಣ. ಆದರೆ ಮಳೆಗೆ ಉಂಗುರ ಕಳಚಿ ಬೀಳಬಹುದು. ಮೇಲಿನಿಂದ ಕಿತ್ತರೆ ಬಟ್ಟಲು ಮಣ್ಣಿನಲ್ಲೇ ಉಳಿಯುತ್ತದೆ. ಎಳೆಯದಿದ್ದಾಗ ಇಡೀ ಅಣಬೆ ಒಂದು ಬಿಳಿ ಮೊಟ್ಟೆಯಂತೆ ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಈ ಗುರುತುಗಳು ಕಂಡರೆ ಬಿಸಾಡಬೇಕು. ಆದರೆ ಕಾಣಲಿಲ್ಲ ಎಂಬ ಕಾರಣಕ್ಕೆ ತಿನ್ನಬಾರದು.

ಬೆಂಕಿಗೆ ಏಕೆ ಬಗ್ಗುವುದಿಲ್ಲ?

ಇದನ್ನು ನಮ್ಮ ಕಸುಬಿನ ಉದಾಹರಣೆಯಿಂದಲೇ ನೋಡೋಣ. ಹಸು ಕರು ಹಾಕಿದ ಮೇಲೆ ಬರುವ ಗಿಣ್ಣದ ಹಾಲನ್ನು ಒಲೆಯ ಮೇಲಿಟ್ಟರೆ ಗಟ್ಟಿಯಾಗುತ್ತದೆ. ಅದರಲ್ಲಿರುವ ಸಸಾರಜನಕಗಳು ಉದ್ದನೆಯ ನೂಲನ್ನು ಉಂಡೆ ಸುತ್ತಿಟ್ಟಂತೆ ಇರುತ್ತವೆ. ಕಾವು ತಗುಲಿದಾಗ ಉಂಡೆ ಬಿಚ್ಚಿಕೊಂಡು ನೂಲುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಉಂಡೆ ಬಿಚ್ಚಿದ ಮೇಲೆ ಅದು ಮೊದಲಿನ ಕೆಲಸ ಮಾಡಲಾರದು. ಹಾಲು ಕಾಯಿಸಿದಾಗ ರೋಗಾಣುಗಳು ಸಾಯುವುದಕ್ಕೂ ಮುಖ್ಯ ಕಾರಣ ಇದೇ.

ಅಮಾನಿಟಿನ್ ವಿಷವೂ ಸಸಾರಜನಕದ ಕಾಳುಗಳಿಂದಲೇ ಆದದ್ದು. ಆದರೆ ಅದರಲ್ಲಿ ಇರುವುದು ಎಂಟೇ ಎಂಟು ಕಾಳುಗಳು. ಅವು ಬಳೆಯಂತೆ ಸುತ್ತಾಗಿ ಸೇರಿಕೊಂಡಿವೆ. ಬಳೆಯ ನಡುವೆ ಅಡ್ಡಲಾಗಿ ಒಂದು ಬಿಗಿಯಾದ ಕೊಂಡಿಯೂ ಇದೆ. ಇಲ್ಲಿ ಬಿಚ್ಚಲು ಉಂಡೆಯೇ ಇಲ್ಲ, ಎಳೆಯಲು ನೂಲಿನ ತುದಿಯೂ ಇಲ್ಲ. ಕುದಿಯುವ ನೀರಿನ ಶಾಖಕ್ಕೆ ಈ ಕಟ್ಟು ಮುರಿಯುವುದಿಲ್ಲ. ನಮ್ಮ ಜಠರದ ರಸಕ್ಕೂ ಅದನ್ನು ಕತ್ತರಿಸಲು ಸಾಧ್ಯವಿಲ್ಲ. ಬಿಸಿಲಿಗೆ ಒಣಗಿಸಿದರೂ, ತಂಗಳುಪೆಟ್ಟಿಗೆಯಲ್ಲಿ ಇಟ್ಟರೂ ಅದು ಹಾಗೆಯೇ ಉಳಿಯುತ್ತದೆ.

ಹಾಲಿನಲ್ಲಿಯೂ ಇಂತಹ ಪದಾರ್ಥಗಳು ಇರುವುದನ್ನು ತಾವು ಬಲ್ಲಿರಿ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಬರುವ ಅಫ್ಲಾಟಾಕ್ಸಿನ್ ಹಾಲು ಕಾಯಿಸಿದರೆ ಹೋಗುವುದಿಲ್ಲ. ಬೂಷ್ಟು ಕೂಡ ಅಣಬೆಯ ಬಳಗದ್ದೇ ಎಂಬುದನ್ನು ಗಮನಿಸಿ. ಕಾಯಿಸುವುದು ಜೀವಾಣುವಿಗೆ ಮದ್ದೇ ಹೊರತು ಎಲ್ಲ ವಿಷಕ್ಕೂ ಮದ್ದಲ್ಲ.

ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ವಿಷದ ಒಂದು ಭಾಗ ನೀರಿಗೆ ಇಳಿಯುವುದು ನಿಜ. ಆದರೆ ಉಳಿದದ್ದೇ ಸಾಕಾಗುತ್ತದೆ. ದೇಹದ ತೂಕದ ಒಂದು ಕಿಲೋಗೆ ಸುಮಾರು 0.1 ಮಿಲಿಗ್ರಾಂ ವಿಷ ಮಾರಕ ಎಂದು ಲೆಕ್ಕ. 60 ಕಿಲೋ ತೂಕದವರಿಗೆ 6 ಮಿಲಿಗ್ರಾಂ. ಒಂದು ಮಧ್ಯಮ ಗಾತ್ರದ ಡೆತ್ ಕ್ಯಾಪ್‌ನಲ್ಲಿಯೇ ಇಷ್ಟು ವಿಷ ಇರಬಹುದು. 12 ಕಿಲೋ ತೂಗುವ ಮಗುವಿಗೆ ಅದರ ಐದನೆಯ ಒಂದು ಪಾಲು ಸಾಕು.

ಒಂದು ಮಧ್ಯಾಹ್ನದ ಊಟ

ಆಸ್ಟ್ರೇಲಿಯಾದ ಲಿಯೊಂಗಾಥಾ ಎಂಬ ಊರಿನಲ್ಲಿ ನಡೆದ ಪ್ರಕರಣದಲ್ಲಿ ಇದೆಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. 2023ರ ಜುಲೈ 29ರಂದು ಒಬ್ಬ ಮಹಿಳೆ ನಾಲ್ವರು ನೆಂಟರನ್ನು ಮಧ್ಯಾಹ್ನದ ಊಟಕ್ಕೆ ಕರೆದರು. ಮಾಂಸದ ತುಂಡಿನ ಸುತ್ತ ಅಣಬೆಯ ಮುದ್ದೆಯನ್ನು ಸವರಿ, ಹಿಟ್ಟಿನ ಹಾಳೆಯಲ್ಲಿ ಸುತ್ತಿ, ಒಲೆಯೊಳಗೆ ಬೇಯಿಸಿದ ಅಡುಗೆ ಅದು. ಆಕೆ ಬಿಸಾಡಿದ್ದ ಅಣಬೆ ಒಣಗಿಸುವ ಯಂತ್ರದಲ್ಲಿ ಡೆತ್ ಕ್ಯಾಪ್‌ನ ಅಂಶ ಪತ್ತೆಯಾಯಿತು. ಒಣಗಿಸುವಿಕೆಯಾಗಲಿ ಬೇಯಿಸುವಿಕೆಯಾಗಲಿ ವಿಷವನ್ನು ನಾಶ ಮಾಡಿರಲಿಲ್ಲ.

ಊಟ ಮಾಡಿದವರಿಗೆ ಆ ಸಂಜೆ ಏನೂ ಆಗಲಿಲ್ಲ. ಸುಮಾರು ಹತ್ತು ಗಂಟೆ ಕಳೆದ ಮೇಲೆ, ರಾತ್ರಿ ಮಲಗುವ ಹೊತ್ತಿಗೆ ವಾಂತಿ ಭೇದಿ ಶುರುವಾಯಿತು. ಮರುದಿನ ಆಸ್ಪತ್ರೆಗೆ ಸೇರಿದರು. ದೊಡ್ಡ ನಗರದ ಉತ್ತಮ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಚಿಕಿತ್ಸೆ ನಡೆಯಿತು. ಒಬ್ಬರಿಗೆ ಬೇರೆಯವರ ಯಕೃತ್ತನ್ನೇ ಕಸಿ ಮಾಡಲಾಯಿತು. ಆದರೂ ಆಗಸ್ಟ್ 4 ಮತ್ತು 5ರಂದು ಮೂವರು ತೀರಿಕೊಂಡರು. ಬದುಕಿ ಉಳಿದ ಒಬ್ಬರು ಮನೆಗೆ ಹೋದದ್ದು ಸೆಪ್ಟೆಂಬರ್‌ನಲ್ಲಿ. ಇದು ಕೊಲೆಯೆಂದು 2025ರ ಜುಲೈನಲ್ಲಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಆದರೆ ತಿಳಿಯದೆ ತಿಂದವರಲ್ಲಿಯೂ ವಿಷ ಇದೇ ಕ್ರಮದಲ್ಲಿ ಕೆಲಸ ಮಾಡುತ್ತದೆ.

ದೇಹದೊಳಗೆ ಆಗುವುದೇನು?

ವಿಷ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಯಕೃತ್ತಿಗೆ ಹೋಗುತ್ತದೆ. ಯಕೃತ್ತಿನ ಪ್ರತಿ ಜೀವಕೋಶದಲ್ಲಿಯೂ ಮೂಲ ದಾಖಲೆಯಂತಹ ಒಂದು ಕಡತವಿದೆ. ಯಾವ ಸಸಾರಜನಕ ತಯಾರಾಗಬೇಕೋ ಅದರ ನಕಲನ್ನು ಕಡತದಿಂದ ಬರೆದು ಹೊರಗೆ ಕಳುಹಿಸುವ ಒಬ್ಬ ಗುಮಾಸ್ತನಂತಹ ಪದಾರ್ಥವೂ ಇದೆ. ಅಮಾನಿಟಿನ್ ಈ ಗುಮಾಸ್ತನ ಕೈ ಕಟ್ಟಿಹಾಕುತ್ತದೆ. ಕೂಡಲೇ ಏನೂ ಕಾಣುವುದಿಲ್ಲ, ಏಕೆಂದರೆ ಈಗಾಗಲೇ ತಯಾರಾದ ದಾಸ್ತಾನಿನಲ್ಲಿ ಕೆಲಸ ಸಾಗುತ್ತಿರುತ್ತದೆ. ದಾಸ್ತಾನು ಮುಗಿದಂತೆ ಜೀವಕೋಶಗಳು ಸಾಯತೊಡಗುತ್ತವೆ. ಜೊತೆಗೆ, ಪಿತ್ತರಸದ ಮೂಲಕ ಕರುಳಿಗೆ ಬಿದ್ದ ವಿಷ ಮತ್ತೆ ರಕ್ತಕ್ಕೆ ಹೀರಿಕೊಂಡು ಪುನಃ ಯಕೃತ್ತಿಗೇ ಬರುತ್ತದೆ.

ಹೀಗಾಗಿ ಕಾಯಿಲೆ ಮೂರು ಹಂತಗಳಲ್ಲಿ ಬರುತ್ತದೆ. ತಿಂದ 6ರಿಂದ 24 ಗಂಟೆಗಳ ನಡುವೆ ವಿಪರೀತ ಹೊಟ್ಟೆನೋವು, ವಾಂತಿ, ನೀರಿನಂತಹ ಭೇದಿ. ಎರಡನೆಯ ಅಥವಾ ಮೂರನೆಯ ದಿನ ಭೇದಿ ನಿಂತು ರೋಗಿ ಎದ್ದು ಕೂರುತ್ತಾನೆ, ಗಂಜಿ ಕೇಳುತ್ತಾನೆ. ಇದು ಮೋಸದ ಚೇತರಿಕೆ. ಒಳಗೆ ಯಕೃತ್ತು ನಾಶವಾಗುತ್ತಿರುತ್ತದೆ. ಮೂರು ನಾಲ್ಕು ದಿನಗಳಾಗುವಷ್ಟರಲ್ಲಿ ಕಣ್ಣು ಹಳದಿಯಾಗುವುದು, ರಕ್ತಸ್ರಾವ, ಮಂಪರು ಕಾಣಿಸಿಕೊಳ್ಳುತ್ತವೆ. ವಾಂತಿ ನಿಂತಿತೆಂದು ಮನೆಗೆ ಮರಳಿದವರು ಈ ಹಂತದಲ್ಲಿ ಕೈತಪ್ಪುತ್ತಾರೆ.

ತಿಂದ ಎರಡು ಗಂಟೆಯೊಳಗೆ ವಾಂತಿಯಾದರೆ ಅದು ಸಾಮಾನ್ಯವಾಗಿ ಬೇರೆ, ಕಡಿಮೆ ಅಪಾಯದ ಅಣಬೆಯ ಲಕ್ಷಣ. ತಡವಾಗಿ ಬರುವ ವಾಂತಿಯೇ ಹೆಚ್ಚು ಭಯಂಕರ. ಆದರೆ ಒಂದೇ ಸಾರಿನಲ್ಲಿ ಎರಡು ಮೂರು ಬಗೆಯ ಅಣಬೆ ಬೆರೆತಿರಬಹುದಾದ್ದರಿಂದ ಬೇಗ ವಾಂತಿಯಾಯಿತೆಂದು ನಿಶ್ಚಿಂತರಾಗಬಾರದು.

ಮನೆಯ ಪರೀಕ್ಷೆಗಳನ್ನು ನಂಬಬೇಡಿ

ಅಣಬೆಯ ಜೊತೆ ಬೆಳ್ಳಿ ನಾಣ್ಯ ಹಾಕಿದರೆ ಕಪ್ಪಾಗುತ್ತದೆ, ಬೆಳ್ಳುಳ್ಳಿ ಅಥವಾ ಅಕ್ಕಿ ಬಣ್ಣ ಬದಲಿಸುತ್ತದೆ ಎಂಬ ಪರೀಕ್ಷೆಗಳಿವೆ. ಅಮಾನಿಟಿನ್ ಇವುಗಳಲ್ಲಿ ಯಾವುದನ್ನೂ ಮಾಡುವುದಿಲ್ಲ. ಹುಳು ತಿಂದ ಅಣಬೆ ನಮಗೂ ಸುರಕ್ಷಿತ ಎಂಬುದೂ ತಪ್ಪು. ಬಸವನಹುಳುಗಳು ಡೆತ್ ಕ್ಯಾಪ್ ಅನ್ನು ತಿಂದು ಆರಾಮವಾಗಿರುತ್ತವೆ.

ಮೊದಲು ನಾಯಿಗೆ ಹಾಕಿ ನೋಡುವ ರೂಢಿಯ ಬಗ್ಗೆ ಪಶುವೈದ್ಯನಾಗಿ ಒಂದು ಮಾತು. ಈ ವಿಷ ನಾಯಿಯನ್ನೂ ಕೊಲ್ಲುತ್ತದೆ, ಆದರೆ ತಕ್ಷಣ ಅಲ್ಲ. ಸಂಜೆ ಹಾಕಿದ ನಾಯಿ ರಾತ್ರಿ ಊಟದ ಹೊತ್ತಿಗೆ ಬಾಲ ಅಲ್ಲಾಡಿಸುತ್ತಲೇ ಇರುತ್ತದೆ. ಅದು ನರಳುವ ಹೊತ್ತಿಗೆ ಮನೆಮಂದಿಯೆಲ್ಲ ಊಟ ಮಾಡಿ ಮಲಗಿರುತ್ತಾರೆ.

ತಿಂದ ಮೇಲೆ ಸಂಶಯ ಬಂದರೆ

ಲಕ್ಷಣಗಳಿಗಾಗಿ ಕಾಯಬೇಡಿ. ಅದೇ ಪಾತ್ರೆಯಿಂದ ತಿಂದ ಎಲ್ಲರನ್ನೂ, ಆರಾಮವಾಗಿರುವವರನ್ನೂ ಸೇರಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ತಿಂದ ಹೊತ್ತು ಮತ್ತು ವಾಂತಿ ಶುರುವಾದ ಹೊತ್ತನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿ. ಉಳಿದ ಹಸಿ ಅಣಬೆ, ಇಲ್ಲವೇ ಬಿಸಾಡಿದ ಬುಡಗಳಿದ್ದರೆ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ.

ಈ ವಿಷಕ್ಕೆ ಹಾವಿನ ಚುಚ್ಚುಮದ್ದಿನಂತಹ ಖಚಿತ ಪ್ರತಿವಿಷ ಇಲ್ಲ. ಗ್ಲೂಕೋಸ್ ಮತ್ತು ಲವಣದ ದ್ರವಗಳು, ಕರುಳಿನಲ್ಲಿ ತಿರುಗುವ ವಿಷವನ್ನು ಹಿಡಿಯುವ ಇದ್ದಿಲಿನ ಪುಡಿ, ಯಕೃತ್ತನ್ನು ಕಾಪಾಡಲು ಅಸಿಟೈಲ್‌ಸಿಸ್ಟೀನ್, ಸಿಲಿಬಿನಿನ್ ಮುಂತಾದ ಔಷಧಗಳನ್ನು ಕೊಡುತ್ತಾರೆ. ಇವು ಎಷ್ಟು ಬೇಗ ಸಿಕ್ಕರೆ ಅಷ್ಟು ಫಲ. ಎರಡನೆಯ ದಿನ ರೋಗಿ ಗೆಲುವಾಗಿ ಕಂಡರೂ ಯಕೃತ್ತಿನ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿ ವೈದ್ಯರು ಕಳುಹಿಸುವವರೆಗೆ ಮನೆಗೆ ಹೊರಡಬೇಡಿ.

ಅನುಮಾನದ ಸಾರು ಉಳಿದಿದ್ದರೆ ಅದನ್ನು ಕಲಗಚ್ಚಿನ ಬಾನಿಗೆ ಸುರಿಯಬೇಡಿ, ನಾಯಿಗೂ ಹಾಕಬೇಡಿ. ವೈದ್ಯರಿಗೆ ತೋರಿಸಲು ಸ್ವಲ್ಪ ತೆಗೆದಿರಿಸಿ, ಉಳಿದದ್ದನ್ನು ಆಳವಾಗಿ ಹೂಳಿರಿ. ಅಣಬೆ ತಿನ್ನುವ ಆಸೆಯಿದ್ದವರು ಬೀಜ ತಂದು ಭತ್ತದ ಹುಲ್ಲಿನಲ್ಲಿ ಬೆಳೆಸಿದ ಚಿಪ್ಪಣಬೆಯನ್ನು ತಿನ್ನಬಹುದು. ಅದನ್ನು ಬಿತ್ತಿದವರಿಗೆ ಅದು ಯಾವುದೆಂದು ಗೊತ್ತಿರುತ್ತದೆ. ತಾನಾಗಿ ಎದ್ದ ಅಣಬೆ ಯಾವುದೆಂಬುದನ್ನು ಒಲೆ ಹೇಳಲಾರದು.